ಅದಲುಬದಲಾದ ವಾಕ್ಯಗಳು: ಯಾವುದರ ಹಿಂದೆ ಯಾವುದು ಬರಬೇಕು?

ಕಲಬುರಗಿಯಲ್ಲಿ ಸಂಜೆ ಹೊತ್ತು ನಾನು ಕೆಲವರಿಗೆ ಸಾಮಾನ್ಯ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು. ಕಳೆದ ವಾರ ಚಿತ್ತಾಪುರ ಕಡೆಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ತಂದಳು. "ಸರ್, ಇದು ನಂಗ ಖರೇನೇ ತಿಳೀವಲ್ದು. ನಾ ಹಾಕಿದ್ದೂ ಸರಿನೇ ಕಾಣಸ್ತದ, ಪುಸ್ತಕದಾಗಿಂದೂ ಸರಿನೇ ಕಾಣಸ್ತದ" ಅಂದಳು. ಪ್ರಶ್ನೆ ಹೀಗಿತ್ತು: ಕೆಳಗಿನ ವಾಕ್ಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ.

ಕ. ಮರುದಿನ ಅದನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರವಿದಳು.

ಖ. ಶರಣಮ್ಮ ಗಂಜಿನಿಂದ ಒಂದು ಚೀಲ ತೊಗರಿ ತರಿಸಿದಳು.

ಗ. ಆದರೆ ಸಂಜೆಗೆ ಮೋಡ ಕವಿದು ಮಳೆ ಬಂತು.

ಘ. ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕಿದಳು.

ಅವಳ ಉತ್ತರ ಖ, ಗ, ಘ, ಕ. ಪುಸ್ತಕದ ಉತ್ತರ ಖ, ಘ, ಕ, ಗ. ಅವಳ ಲೆಕ್ಕ ಸುಮ್ನೆ ಊಹೆಯಲ್ಲ. ಸಂಜೆ ಆದಮೇಲೆ ರಾತ್ರಿ, ರಾತ್ರಿ ಆದಮೇಲೆ ಮರುದಿನ ಅಂತ ಹೊತ್ತು ನೋಡಿ ಜೋಡಿಸಿದ್ದಳು. ಆದರೂ ಅದು ತಪ್ಪು. ಯಾಕೆ ತಪ್ಪು ಅನ್ನುವುದನ್ನು ಬಿಡಿಸಿ ನೋಡಿದರೆ ಈ ಬಗೆಯ ಪ್ರಶ್ನೆಗಳ ಒಳಗುಟ್ಟು ಬಹುಪಾಲು ಸಿಗುತ್ತದೆ.

ಬಸ್ಸಿನಲ್ಲಿ ಕೇಳಿದ ಅರ್ಧ ಮಾತು

ಸೇಡಂ ಬಸ್ಸಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಪಕ್ಕದವರು ಫೋನಿನಲ್ಲಿ ಹೇಳುತ್ತಾರೆ: "ಹಂಗಂದ್ರೂ ಆಕಿ ಒಪ್ಪಲಿಲ್ಲ ನೋಡ್ರಿ. ಅದಕ್ಕ ಅದನ್ನ ವಾಪಸ್ ಕೊಟ್ಟು ಬಂದೆ."

ನೀವು ಕೇಳಿದ್ದು ಎರಡೇ ವಾಕ್ಯ. ಆದರೂ ಇದಕ್ಕಿಂತ ಮುಂಚೆ ಏನೇನು ಮಾತಾಗಿರಬೇಕು ಅಂತ ನಿಮಗೆ ಆಗಲೇ ಗೊತ್ತು. ಒಬ್ಬ ಹೆಂಗಸಿನ ಹೆಸರು ಬಂದಿರಬೇಕು, ಇಲ್ಲದಿದ್ದರೆ "ಆಕಿ" ಅನ್ನುತ್ತಿರಲಿಲ್ಲ. ಅವಳನ್ನು ಒಪ್ಪಿಸಲು ಏನೋ ಹೇಳಿರಬೇಕು, ಇಲ್ಲದಿದ್ದರೆ "ಹಂಗಂದ್ರೂ" ಬರುತ್ತಿರಲಿಲ್ಲ. ಯಾವುದೋ ಒಂದು ವಸ್ತುವಿನ ಮಾತೂ ಆಗಿರಬೇಕು, ಯಾಕಂದರೆ "ಅದನ್ನ" ಅಂದರು.

ವಾಕ್ಯ ಜೋಡಿಸುವ ಪ್ರಶ್ನೆ ಕೇಳುವುದು ಇದನ್ನೇ. ಪ್ರತಿ ವಾಕ್ಯವನ್ನೂ ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತಿನ ಹಾಗೆ ಓದಬೇಕು. ಇದಕ್ಕಿಂತ ಮುಂಚೆ ಏನು ಹೇಳಿರಲೇಬೇಕು ಅಂತ ಕೇಳಿಕೊಳ್ಳಬೇಕು. ಹಿಂದೆ ಏನನ್ನೂ ಬೇಡದ ವಾಕ್ಯವೇ ಸಾಮಾನ್ಯವಾಗಿ ಮೊದಲನೆಯದು.

ಹಿಂದಿನ ಮಾತನ್ನು ಬೇಡುವ ಪದಗಳಲ್ಲಿ ಮುಖ್ಯವಾದವು ಎರಡು ಬಗೆ. ಅವನು, ಅವಳು, ಅದು, ಇದು, ಅವು, ಅವರು ಇವೆಲ್ಲ ಸರ್ವನಾಮಗಳು. ಹೆಸರಿನ ಬದಲಿಗೆ ಬರುವ ಪದಗಳಿವು. ಆದರೆ, ಆದ್ದರಿಂದ, ಏಕೆಂದರೆ, ಆದರೂ, ಅಲ್ಲದೆ ಇವು ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುವ ಪದಗಳು. ಶಾಲೆಯ ವ್ಯಾಕರಣದಲ್ಲಿ ಇಂಥವನ್ನು ಸಂಬಂಧಾರ್ಥಕ ಅವ್ಯಯ ಅಂತ ಓದಿರುತ್ತೀರಿ. ಇಲ್ಲಿ ಸರಳವಾಗಿ ಕೊಂಡಿ ಪದ ಅನ್ನೋಣ.

ಶರಣಮ್ಮನ ತೊಗರಿಗೆ ಮರಳೋಣ

ನಾಲ್ಕು ವಾಕ್ಯದಲ್ಲಿ ಹೆಸರು ಇರುವುದು ಖ ವಾಕ್ಯದಲ್ಲಿ ಮಾತ್ರ. ಕ ಮತ್ತು ಘ ಎರಡರಲ್ಲೂ "ಅದನ್ನು" ಇದೆ. ಅದು ಅಂದರೆ ಏನು ಅಂತ ಮುಂಚೆ ಗೊತ್ತಾಗಿರಬೇಕು. ಗ ವಾಕ್ಯ "ಆದರೆ" ಅಂತ ಶುರುವಾಗುತ್ತದೆ, ಅದೂ ಮೊದಲು ಬರಲಾರದು. ಹಾಗಾಗಿ ಖ ಮೊದಲು. ಇಲ್ಲಿಯವರೆಗೆ ಹುಡುಗಿಗೂ ತಕರಾರಿರಲಿಲ್ಲ.

ಮುಂದಿನದು "ಆದರೆ". ಈ ಪದಕ್ಕೆ ಮುರಿಯಲು ಏನಾದರೂ ಬೇಕು. ಹಿಂದಿನ ವಾಕ್ಯ ಒಂದು ನಿರೀಕ್ಷೆ ಹುಟ್ಟಿಸಿರಬೇಕು, "ಆದರೆ" ಬಂದು ಅದನ್ನು ಮುರಿಯಬೇಕು. ಚೀಲ ತೊಗರಿ ತರಿಸಿದ್ದಕ್ಕೂ ಮಳೆಗೂ ಏನು ಜಗಳ? ಏನೂ ಇಲ್ಲ. ನೀರಿನಲ್ಲಿ ನೆನೆಹಾಕಿದ್ದಕ್ಕೂ ಮಳೆಗೂ ಜಗಳವಿಲ್ಲ. ಬಿಸಿಲಿಗೆ ಹರವಿದ್ದಕ್ಕೆ ಮಾತ್ರ ಮಳೆ ಅಡ್ಡ ಬರುತ್ತದೆ. ಆದ್ದರಿಂದ ಗ ಬರಬೇಕಾದ್ದು ಕ ವಾಕ್ಯದ ಬೆನ್ನಿಗೆ. ಕ-ಗ ಒಂದು ಜೋಡಿ.

ಇನ್ನೊಂದು ಸಾಕ್ಷಿಯೂ ಇದೆ. ಹುಡುಗಿಯ ಕ್ರಮದಲ್ಲಿ ಓದಿ ನೋಡಿ: "ಆದರೆ ಸಂಜೆಗೆ ಮೋಡ ಕವಿದು ಮಳೆ ಬಂತು. ರಾತ್ರಿ ಅದನ್ನು ನೀರಿನಲ್ಲಿ ನೆನೆಹಾಕಿದಳು." ಅದನ್ನು ಅಂದರೆ ಯಾವುದನ್ನು? ಹತ್ತಿರ ಇರುವುದು ಮೋಡ, ಮಳೆ. ತೊಗರಿಯನ್ನು ಹಿಡಿಯಲು "ಅದು" ಒಂದು ವಾಕ್ಯ ದಾಟಿ ಹಿಂದಕ್ಕೆ ಜಿಗಿಯಬೇಕಾಗುತ್ತದೆ. ಸರ್ವನಾಮ ಸಾಮಾನ್ಯವಾಗಿ ಹೀಗೆ ಜಿಗಿಯುವುದಿಲ್ಲ, ಹತ್ತಿರದ ಹೆಸರನ್ನೇ ಹಿಡಿಯುತ್ತದೆ.

ಉಳಿದದ್ದು ಕ ಮತ್ತು ಘ ನಡುವಿನ ಕ್ರಮ. ಎರಡರಲ್ಲೂ ಅದೇ "ಅದನ್ನು", ಎರಡೂ ಕ್ರಿಯಾಪದದ ಕೊನೆಗೆ ಅದೇ "ಳು". ಸರ್ವನಾಮ ಇಲ್ಲಿ ಕೈಕೊಡುತ್ತದೆ. ರಾತ್ರಿ, ಮರುದಿನ ಅನ್ನುವ ಹೊತ್ತಿನ ಪದಗಳು ಕೆಲಸಕ್ಕೆ ಬರುವುದು ಈಗ. ಘ ಆದಮೇಲೆ ಕ. ಖ, ಘ, ಕ, ಗ. ಆ "ಸಂಜೆ" ಮರುದಿನದ ಸಂಜೆ, ತೊಗರಿ ತರಿಸಿದ ದಿನದ್ದಲ್ಲ.

ಹುಡುಗಿ ತಪ್ಪಿದ್ದು ಇಲ್ಲಿ. ಹೊತ್ತಿನ ಪದಗಳನ್ನು ಮೊದಲು ನೋಡಿದಳು, ಕೊಂಡಿ ಪದವನ್ನು ಆಮೇಲೆ ನೋಡಿದಳು. ಸಂಜೆ, ರಾತ್ರಿ ದಿನಾಲೂ ಬರುತ್ತವೆ, ಯಾವ ದಿನಕ್ಕೆ ಬೇಕಾದರೂ ಹೊಂದುತ್ತವೆ. "ಆದರೆ" ಮತ್ತು "ಅದನ್ನು" ಹಾಗೆ ಎಲ್ಲೆಂದರಲ್ಲಿ ಹೊಂದುವುದಿಲ್ಲ. ಜಾಸ್ತಿ ಹಟ ಮಾಡುವ ಪದವನ್ನು ಮೊದಲು ಕೂರಿಸಬೇಕು.

ಒಂದು ಜೋಡಿ ಸಿಕ್ಕರೆ ಎಷ್ಟು ಕೆಲಸ ಉಳಿಯುತ್ತದೆ

ನಾಲ್ಕು ವಾಕ್ಯಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಎಲ್ಲವನ್ನೂ ಓದಿ ನೋಡಲು ಪರೀಕ್ಷೆಯಲ್ಲಿ ಹೊತ್ತಿರುವುದಿಲ್ಲ. ಆದರೆ ಕ ಆದಕೂಡಲೇ ಗ ಅಂತ ಒಂದೇ ಒಂದು ಜೋಡಿ ಗಟ್ಟಿಯಾದರೆ 24 ಇದ್ದದ್ದು 6ಕ್ಕೆ ಇಳಿಯುತ್ತದೆ. ಆರು ವಾಕ್ಯದ ಪ್ರಶ್ನೆಯಲ್ಲಿ 720 ಕ್ರಮಗಳಿವೆ. ಅಲ್ಲಿ ಒಂದು ಜೋಡಿ ಸಿಕ್ಕರೆ 120, ಬೇರೆ ಬೇರೆ ವಾಕ್ಯಗಳ ಎರಡು ಜೋಡಿ ಸಿಕ್ಕರೆ 24.

ಅದಕ್ಕೇ ಮೊದಲ ವಾಕ್ಯ ಯಾವುದು ಅಂತಲೇ ತಲೆ ಕೆಡಿಸಿಕೊಂಡು ಕೂರುವ ಬದಲು ಜೋಡಿ ಹುಡುಕುವುದು ಒಳ್ಳೆಯದು. ಜೋಡಿ ಸಿಕ್ಕ ಮೇಲೆ ಕೊಟ್ಟಿರುವ ನಾಲ್ಕು ಆಯ್ಕೆಗಳನ್ನು ನೋಡಿ. ಆ ಎರಡು ಅಕ್ಷರ ಒತ್ತಟ್ಟಿಗೆ ಇಲ್ಲದ ಆಯ್ಕೆಗಳನ್ನು ಹೊಡೆದುಹಾಕಿ. ಎಷ್ಟೋ ಸಲ ಅಲ್ಲಿಗೇ ಉತ್ತರ ಒಂದೋ ಎರಡೋ ಉಳಿದಿರುತ್ತದೆ.

ಕನ್ನಡದಲ್ಲಿ ಸರ್ವನಾಮ ಕಾಣದೆಯೂ ಇರುತ್ತದೆ

ಸಾಮಾನ್ಯ ಇಂಗ್ಲಿಷ್ ಪತ್ರಿಕೆಯಲ್ಲೂ ಇಂಥ ಪ್ರಶ್ನೆಗಳು ಬರುತ್ತವೆ. ಅಲ್ಲಿ ಹೀ, ಶೀ, ಇಟ್ ಅಂತ ಸರ್ವನಾಮ ಕಣ್ಣಿಗೆ ಕಾಣುವಂತೆ ಇರುತ್ತದೆ. ಕನ್ನಡದಲ್ಲಿ ಅದನ್ನು ಬಿಟ್ಟು ಮಾತಾಡುವುದೇ ರೂಢಿ. "ಮರುದಿನ ಅದನ್ನು ಬಿಸಿಲಿಗೆ ಹರವಿದಳು" ಅನ್ನುವ ವಾಕ್ಯದಲ್ಲಿ "ಅವಳು" ಇಲ್ಲವೇ ಇಲ್ಲ. ಆದರೂ ಹರವಿದ್ದು ಒಬ್ಬಳು ಹೆಂಗಸು ಅಂತ ಕ್ರಿಯಾಪದದ ಬಾಲವೇ ಹೇಳುತ್ತದೆ. ಬಂದನು, ಬಂದಳು, ಬಂದರು, ಬಂದಿತು, ಬಂದವು: ಬಾಲ ನೋಡಿದರೆ ಬಂದವರು ಯಾರು, ಒಬ್ಬರೋ ಹಲವರೋ ಅನ್ನುವ ಅಂದಾಜು ಸಿಗುತ್ತದೆ. ಹಾಗಾಗಿ ಕರ್ತೃ ಕಾಣದ ವಾಕ್ಯವನ್ನು "ಇದರಲ್ಲಿ ಸುಳಿವೇ ಇಲ್ಲ" ಅಂತ ಪಕ್ಕಕ್ಕಿಡಬೇಡಿ. ಕೊನೆಯ ಪದ ನೋಡಿ.

ಒಂದು ಎಚ್ಚರಿಕೆ. "ಬಂದರು" ಅಂದರೆ ಹಲವರೇ ಆಗಬೇಕೆಂದಿಲ್ಲ. ಗೌರವಕ್ಕೆ ಒಬ್ಬರಿಗೂ ಹಾಗೇ ಅನ್ನುತ್ತೇವೆ. "ಅವರು ಶಾಲೆಗೆ ಬಂದರು" ಅನ್ನುವುದರ ಹಿಂದೆ "ಊರಿನ ಹಿರಿಯರೆಲ್ಲ" ಇರಬಹುದು, "ಹೊಸ ಹೆಡ್ ಮಾಸ್ತರು" ಕೂಡ ಇರಬಹುದು. ಎರಡೂ ಇದ್ದರೆ ಬೇರೆ ಸುಳಿವು ಬೇಕು.

"ತನ್ನ" ಅನ್ನುವ ಪದದ ಗುಣ ಬೇರೆ. ಅದೂ ಸರ್ವನಾಮವೇ, ಆದರೆ ಹಿಂದಿನ ವಾಕ್ಯಕ್ಕೆ ಕೈ ಚಾಚುವುದಿಲ್ಲ. ಈ ಎರಡನ್ನು ಹೋಲಿಸಿ ನೋಡಿ:

ಮಲ್ಲಪ್ಪ ತನ್ನ ಹೊಲ ಮಾರಿದ.

ಮಲ್ಲಪ್ಪ ಅವನ ಹೊಲ ಮಾರಿದ.

ಮೊದಲನೆಯದರಲ್ಲಿ ಹೊಲ ಮಲ್ಲಪ್ಪನದೇ. ಕಥೆಯ ಮೊದಲ ವಾಕ್ಯವಾಗಿ ಇದು ಚೆನ್ನಾಗಿ ನಿಲ್ಲುತ್ತದೆ. ಎರಡನೆಯದನ್ನು ಓದಿದ ತಕ್ಷಣ "ಯಾರ ಹೊಲ?" ಅಂತ ಕೇಳಬೇಕು ಅನಿಸುತ್ತದೆ, ಅಲ್ವಾ? ತಮ್ಮನದೋ, ಪಕ್ಕದ ಮನೆಯವನದೋ, ಇನ್ನೊಬ್ಬನ ಹೆಸರು ಮುಂಚೆ ಬಂದಿರಬೇಕು. ಸರ್ವನಾಮ ಕಂಡ ಕೂಡಲೇ "ಇದು ಮೊದಲಿನದಲ್ಲ" ಅಂತ ತೀರ್ಮಾನಿಸುವವರು "ತನ್ನ" ಇರುವ ವಾಕ್ಯವನ್ನೂ ಹಿಂದಕ್ಕೆ ತಳ್ಳಿ ಕೆಡುತ್ತಾರೆ.

ಕೊಂಡಿ ಪದಗಳು ಮೋಸ ಮಾಡುವ ಜಾಗ

"ಆದರೆ" ಎರಡಿವೆ. "ಈ ವಾರ ಮಳೆ ಆದರೆ ಬಿತ್ತುತ್ತೇವೆ" ಅನ್ನುವಲ್ಲಿ ಇರುವುದು ಷರತ್ತು. ಮಳೆ ಬಂದಲ್ಲಿ ಅಂತ ಅರ್ಥ. ಅದು ಹಿಂದಿನ ವಾಕ್ಯವನ್ನು ಕೇಳುವುದಿಲ್ಲ. ಅನುಮಾನ ಬಂದರೆ ಆ ಜಾಗದಲ್ಲಿ "ಆದಲ್ಲಿ" ಹಾಕಿ ಓದಿ. "ಮಳೆ ಆದಲ್ಲಿ ಬಿತ್ತುತ್ತೇವೆ" ಸರಿಹೋಗುತ್ತದೆ, ಹಾಗಾಗಿ ಅದು ಕೊಂಡಿಯಲ್ಲ. "ಆದಲ್ಲಿ ಸಂಜೆಗೆ ಮೋಡ ಕವಿದು ಮಳೆ ಬಂತು" ಅರ್ಥವೇ ಆಗುವುದಿಲ್ಲ, ಹಾಗಾಗಿ ಅಲ್ಲಿರುವುದು ಕೊಂಡಿ. ಇನ್ನೊಂದು ಮಾತು: "ಬೇಳೆ ಬೆಂದಿತು, ಆದರೆ ಉಪ್ಪು ಹಾಕಿರಲಿಲ್ಲ" ಅಂತ ಒಂದೇ ವಾಕ್ಯದ ನಡುವೆ "ಆದರೆ" ಬಂದರೆ ಅದರ ಜೋಡಿ ಆ ವಾಕ್ಯದೊಳಗೇ ಇದೆ. ಹೊರಗೆ ಹುಡುಕುವ ಕೆಲಸವಿಲ್ಲ.

"ಏಕೆಂದರೆ" ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ನಡೆದ ಕ್ರಮ ಬೇರೆ, ಹೇಳುವ ಕ್ರಮ ಬೇರೆ. ಬಾವಿಯ ನೀರು ಮೊದಲು ಇಂಗುತ್ತದೆ, ಆಮೇಲೆ ಟ್ಯಾಂಕರ್ ಬರುತ್ತದೆ. "ಆದ್ದರಿಂದ" ಇದ್ದರೆ ಹೇಳುವ ಕ್ರಮವೂ ಹಾಗೇ ಇರುತ್ತದೆ: "ಬಾವಿಯ ನೀರು ಇಂಗಿತ್ತು. ಆದ್ದರಿಂದ ಟ್ಯಾಂಕರ್ ತರಿಸಿದರು." "ಏಕೆಂದರೆ" ಇದ್ದರೆ ತಿರುಗುಮುರುಗು: "ಟ್ಯಾಂಕರ್ ತರಿಸಿದರು. ಏಕೆಂದರೆ ಬಾವಿಯ ನೀರು ಇಂಗಿತ್ತು." ಮೊದಲು ನಡೆದದ್ದು ಮೊದಲು ಬರಬೇಕು ಅಂತ ಹಟ ಹಿಡಿದರೆ ಇಂಥ ಕಡೆ ಉತ್ತರ ತಪ್ಪುತ್ತದೆ.

ಬಿದರಿ ಪಾತ್ರೆಯ ಆರು ವಾಕ್ಯ

ಈಗ ಸ್ವಲ್ಪ ದೊಡ್ಡದೊಂದನ್ನು ಬಿಡಿಸೋಣ. ಬೀದರದ ಬಿದರಿ ಕೆಲಸ ಹೇಗೆ ನಡೆಯುತ್ತದೆ ಅನ್ನುವ ಬಗ್ಗೆ ನಾನೇ ಬರೆದು ಕಲಸಿಟ್ಟ ವಾಕ್ಯಗಳಿವು. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ಕೆಲಸದಲ್ಲಿ ಪಾತ್ರೆಯನ್ನು ಎರಡು ಸಲ ಕಪ್ಪು ಮಾಡುತ್ತಾರೆ, ಎರಡು ಸಲ ಉಜ್ಜುತ್ತಾರೆ. ಬರೀ ವಿಷಯ ನೋಡಿ ಜೋಡಿಸಲು ಹೋದವರು ಇಲ್ಲಿ ಖಂಡಿತ ಎಡವುತ್ತಾರೆ.

ಕ. ಹೀಗೆ ಕೆತ್ತಿದ ಗೆರೆಗಳೊಳಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ.

ಖ. ಬಿದರಿ ಪಾತ್ರೆಯನ್ನು ಸತು ಮತ್ತು ತಾಮ್ರ ಸೇರಿಸಿದ ಲೋಹದಿಂದ ಎರಕ ಹೊಯ್ಯುತ್ತಾರೆ.

ಗ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಿಂದ ಪಾತ್ರೆಯನ್ನು ಮತ್ತೆ ಕಪ್ಪಾಗಿಸುತ್ತಾರೆ. ಈ ಕಪ್ಪು ಮಾತ್ರ ಉಳಿಯುತ್ತದೆ.

ಘ. ಅದರ ಮೈ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ಸದ್ಯಕ್ಕೆ ಕಪ್ಪು ಮಾಡಿಕೊಳ್ಳುತ್ತಾರೆ.

ಚ. ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಚಿತ್ತಾರ ಗೀರಿ, ಗೆರೆಗಳನ್ನು ಉಳಿಯಿಂದ ಕೆತ್ತುತ್ತಾರೆ.

ಜ. ತಂತಿ ಕೂತ ಮೇಲೆ ಮೈಯನ್ನು ಮತ್ತೊಮ್ಮೆ ಉಜ್ಜಿದಾಗ ಮೊದಲಿನ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು ಲೋಹ ಯಾವುದು ಅಂತ ತಿಳಿಯುವುದೇ ಕಷ್ಟ.

ಹಟಮಾರಿ ಪದಗಳಿಂದ ಶುರು ಮಾಡೋಣ. ಕ ವಾಕ್ಯದ "ಹೀಗೆ ಕೆತ್ತಿದ" ಅನ್ನುವುದಕ್ಕೆ ಹಿಂದೆ ಕೆತ್ತಿದ ಮಾತು ಬೇಕೇ ಬೇಕು. ಕೆತ್ತುವ ಮಾತು ಇರುವುದು ಚ ವಾಕ್ಯದಲ್ಲಿ ಮಾತ್ರ. "ಹಾಗೆ" ಅನ್ನದೆ "ಹೀಗೆ" ಅಂದದ್ದನ್ನೂ ಗಮನಿಸಿ. ಇ ಅಕ್ಷರದ ಇದು, ಇಂಥ, ಹೀಗೆ ಇವೆಲ್ಲ ಬಹುಮಟ್ಟಿಗೆ ಈಗಷ್ಟೇ ಹೇಳಿದ್ದನ್ನು ತೋರಿಸುತ್ತವೆ. ಹಾಗಾಗಿ ಚ-ಕ ಗಟ್ಟಿ ಜೋಡಿ.

ಜ ವಾಕ್ಯ "ತಂತಿ ಕೂತ ಮೇಲೆ" ಅನ್ನುತ್ತದೆ. ತಂತಿ ಕೂರಿಸಿದ್ದು ಕ ವಾಕ್ಯದಲ್ಲಿ. ಈಗ ಚ-ಕ-ಜ ಒಂದು ಸರ.

ಚ ವಾಕ್ಯಕ್ಕೆ ಮುಂಚೆ ಏನು? "ಆ ಕಪ್ಪಿನ ಮೇಲೆ" ಅನ್ನುತ್ತದೆ. ಕಪ್ಪು ಮಾಡುವ ಮಾತು ಗ ಮತ್ತು ಘ ಎರಡರಲ್ಲೂ ಇದೆ. ಇಲ್ಲೇ ತಡವರಿಸುವುದು. ಗ ವಾಕ್ಯವನ್ನು ನಿಧಾನವಾಗಿ ಓದಿ. "ಮತ್ತೆ ಕಪ್ಪಾಗಿಸುತ್ತಾರೆ" ಅಂದರೆ ಇದಕ್ಕಿಂತ ಮುಂಚೆ ಒಂದು ಸಲ ಕಪ್ಪಾಗಿದೆ. "ಈ ಕಪ್ಪು ಮಾತ್ರ ಉಳಿಯುತ್ತದೆ" ಅಂದರೆ ಮುಂಚಿನ ಕಪ್ಪು ಹೋಗಿದೆ. ಹೋದದ್ದು ಎಲ್ಲಿ? ಜ ವಾಕ್ಯದಲ್ಲಿ, "ಮೊದಲಿನ ಕಪ್ಪೆಲ್ಲ ಹೋಗಿ". ಹಾಗಾಗಿ ಗ ಬರುವುದು ಜ ಆದಮೇಲೆ. ಚ ವಾಕ್ಯದ ಕಪ್ಪು ಘ ವಾಕ್ಯದ್ದು. ಸರ ಈಗ ಘ-ಚ-ಕ-ಜ-ಗ.

ಘ ವಾಕ್ಯದ "ಅದರ ಮೈ" ಅನ್ನುವುದಕ್ಕೆ ಪಾತ್ರೆ ಬೇಕು. ಖ ಮೊದಲು. ಉತ್ತರ: ಖ, ಘ, ಚ, ಕ, ಜ, ಗ.

ಗ ವಾಕ್ಯದಲ್ಲಿ "ಅದನ್ನು" ಅನ್ನದೆ "ಪಾತ್ರೆಯನ್ನು" ಅಂತ ಪೂರ್ತಿ ಹೆಸರು ಬಂದಿರುವುದನ್ನು ನೋಡಿದಿರಾ? ನಡುವೆ ತಂತಿ, ಬೆಳ್ಳಿ, ಗೆರೆ ಅಂತ ಬೇರೆ ಬೇರೆ ಹೆಸರುಗಳು ನುಗ್ಗಿವೆ. ಅಲ್ಲಿ "ಅದನ್ನು" ಅಂದರೆ ಓದುಗ ಬೆಳ್ಳಿಯನ್ನು ಹಿಡಿದುಬಿಡಬಹುದು. ದಾರ ಉದ್ದವಾದಾಗ ಬರೆಯುವವರು ಮತ್ತೆ ಹೆಸರು ಹಿಡಿಯುತ್ತಾರೆ. ಆದ್ದರಿಂದ ಪೂರ್ತಿ ಹೆಸರಿದೆ ಅಂದಮಾತ್ರಕ್ಕೆ ಅದು ಮೊದಲ ವಾಕ್ಯ ಅಂತ ಎಣಿಸಬಾರದು. ಮೊದಲ ಸಲ ಬಂದಾಗ "ಬಿದರಿ ಪಾತ್ರೆ", ಎರಡನೆಯ ಸಲ ಬರೀ "ಪಾತ್ರೆ". ಒಂದು ವಸ್ತುವಿನ ಪರಿಚಯ ಉದ್ದಕ್ಕೆ ಆಗುವುದು ಸಾಮಾನ್ಯವಾಗಿ ಒಂದೇ ಸಲ. "ಒಬ್ಬ ರೈತ" ಅಂತ ಬಂದವನು ಮುಂದೆ "ಆ ರೈತ" ಆಗುವುದೂ ಹೀಗೇ.

ಇದನ್ನು ಬಿಡಿಸಿದ ಮೇಲೆ ಹುಡುಗಿ ಒಂದು ಮಾತು ಕೇಳಿದಳು: "ಸರ್, ಬಿದರಿ ಕೆಲಸ ನಾ ಒಮ್ಮೆನೂ ನೋಡಿಲ್ರಿ, ಆದ್ರೂ ಕ್ರಮ ಹೆಂಗ್ ತಿಳೀತು?" ತಿಳಿಸಿದ್ದು "ಹೀಗೆ", "ಆ", "ಮತ್ತೆ", "ಮೊದಲಿನ", "ಅದರ" ಅನ್ನುವ ಐದು ಸಣ್ಣ ಪದ. ನವಸಾಗರ ಏನು, ಮೈಲುತುತ್ತ ಏನು ಅಂತ ಗೊತ್ತಿಲ್ಲದಿದ್ದರೂ ನಡೆಯಿತು.

ಎರಡು ಉತ್ತರ ನಿಜಕ್ಕೂ ಸರಿಯಾಗಿದ್ದಾಗ

ಈ ವಿಧಾನಕ್ಕೂ ಮಿತಿ ಇದೆ. ಕೆಲಸದ ಹಂತ ಹೇಳುವ, ಕಾರಣ ಹೇಳುವ, ಕಥೆ ಹೇಳುವ ವಾಕ್ಯಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಬರೀ ವರ್ಣನೆ ಇದ್ದರೆ ಕೆಲವು ಸಲ ಕೈಕೊಡುತ್ತದೆ. ಇದನ್ನು ನೋಡಿ:

ಕ. ಅದಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿಯಿದೆ.

ಖ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆ.

ಗ. ಅದರ ಒಳಗೆ ಸಾಲು ಸಾಲು ಕಮಾನುಗಳಿವೆ.

ಖ ಮೊದಲು, ಅದರಲ್ಲಿ ಸಂಶಯವಿಲ್ಲ. ಆಮೇಲೆ ಕ-ಗ ಆದರೂ ಸರಿ, ಗ-ಕ ಆದರೂ ಸರಿ. ಎರಡರ "ಅದು" ಕೂಡ ಮಸೀದಿಯನ್ನೇ ಹಿಡಿಯುತ್ತದೆ, ಒಂದು ಇನ್ನೊಂದನ್ನು ಬೇಡುವುದಿಲ್ಲ. ಪ್ರಶ್ನೆ ಬರೆಯುವವರು ಕ ವಾಕ್ಯದ ಮೊದಲಿಗೆ "ಅಲ್ಲದೆ" ಅಂತ ಒಂದು ಪದ ಸೇರಿಸಿದ್ದರೆ ಸಾಕಿತ್ತು, ಖ, ಗ, ಕ ಅಂತ ಕ್ರಮ ನಿಂತುಬಿಡುತ್ತಿತ್ತು.

ಪರೀಕ್ಷೆಯಲ್ಲಿ ಇಂಥದು ಎದುರಾದರೆ ಮೊದಲು ಆಯ್ಕೆಗಳನ್ನು ನೋಡಿ. ಬಹಳ ಸಲ ಎರಡರಲ್ಲಿ ಒಂದನ್ನು ಮಾತ್ರ ಕೊಟ್ಟಿರುತ್ತಾರೆ, ಆಗ ತೊಂದರೆಯಿಲ್ಲ. ಎರಡೂ ಇದ್ದರೆ ಸಾಮಾನ್ಯ ಮಾತಿನಿಂದ ವಿವರದ ಕಡೆಗೆ, ಹೊರಗಿನಿಂದ ಒಳಕ್ಕೆ ಹೋಗುವ ಕ್ರಮವನ್ನು ಗುರುತು ಮಾಡಿ ಮುಂದೆ ಹೋಗಿ. ಅಲ್ಲೇ ಐದು ನಿಮಿಷ ಕಳೆಯಬೇಡಿ. ಆಮೇಲೆ ಕೀ ಉತ್ತರ ಪ್ರಕಟವಾಗಿ ಆಕ್ಷೇಪಣೆಗೆ ಅವಕಾಶ ಕೊಟ್ಟರೆ "ನನ್ನದೂ ಸರಿ ಅನಿಸುತ್ತದೆ" ಅಂತ ಬರೆಯಬೇಡಿ. ಕ ವಾಕ್ಯದ "ಅದಕ್ಕೆ", ಗ ವಾಕ್ಯದ "ಅದರ" ಎರಡೂ ಖ ವಾಕ್ಯದ ಮಸೀದಿಯನ್ನೇ ಸೂಚಿಸುತ್ತವೆ, ಈ ಎರಡರ ನಡುವೆ ಕ್ರಮ ತೋರಿಸುವ ಕೊಂಡಿ ಪದ ಯಾವುದೂ ಇಲ್ಲ, ಆದ್ದರಿಂದ ಎರಡು ಆಯ್ಕೆಗಳೂ ಹೊಂದುತ್ತವೆ ಅಂತ ಪದ ಹಿಡಿದು ತೋರಿಸಿ ಬರೆಯಿರಿ.